ಯಾರೂ ಆರಿಸದ ಆಯ್ಕೆ

ಅಡ್ಡಹೆಸರು ಇಡುವುದರಲ್ಲಿ ವೈದ್ಯಕೀಯ ಕಾಲೇಜಿನ ಹುಡುಗರದು ಎತ್ತಿದ ಕೈ. ನನಗೆ ಇಟ್ಟದ್ದನ್ನು ಇಲ್ಲಿ ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆದರೆ ನಮ್ಮ ಬಯೋಕೆಮಿಸ್ಟ್ರಿ ವಿಭಾಗದ ಹಿರಿಯ ಮೇಡಂಗೆ ಅವರು ಇಟ್ಟ ಹೆಸರು ಎಷ್ಟು ಸರಿಯಾಗಿ ಕೂತಿದೆಯೆಂದರೆ, ಕಾಲೇಜಿನ ಜವಾನನೂ ಒಮ್ಮೆ ಬಾಯಿತಪ್ಪಿ ಅವರೆದುರೇ ಅಂದುಬಿಟ್ಟಿದ್ದ. ಆ ಹೆಸರು 'ಹೊರತುಪಡಿಸಿ ಮೇಡಂ'.

ಕಾರಣ ಇಷ್ಟೇ. ಮೇಡಂ ತೆಗೆಯುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು, 'ಈ ಕೆಳಗಿನವುಗಳಲ್ಲಿ ಒಂದನ್ನು ಹೊರತುಪಡಿಸಿ ಉಳಿದೆಲ್ಲಕ್ಕೂ ಬಯೋಟಿನ್ ಬೇಕು, ಆ ಒಂದು ಯಾವುದು?' ಎಂಬ ಜಾತಿಯವು. ಬಾಯಿಪಾಠ ಮಾಡಿ ಬಂದ ಹುಡುಗ ಇಂಥ ಪ್ರಶ್ನೆಯೆದುರು ಬೆವರುತ್ತಾನೆ. ಅರ್ಥ ಮಾಡಿಕೊಂಡು ಬಂದವನೂ ಸ್ವಲ್ಪ ಬೆವರುತ್ತಾನೆ. ಮೇಡಂಗೆ ಅದು ಖುಷಿ. ತರಗತಿಯಲ್ಲಿ ಅವರ ಮುಖದ ಮೇಲೆ ನಗು ಕಾಣುವುದು ಅಂಥ ಹೊತ್ತಿನಲ್ಲಿ ಮಾತ್ರ ಎಂದು ಹುಡುಗರ ದೂರು.

ನಾನು ಈ ವಿಭಾಗಕ್ಕೆ ಹೊಸದಾಗಿ ಸೇರಿದಾಗ ನನಗೆ ಸಿಕ್ಕಿದ್ದು ಅವರ ಎದುರಿನ ಜಾಗ. ಎರಡೂ ಕಡೆ ಕೂರಬಹುದಾದ ಉದ್ದನೆಯ ಮರದ ಮೇಜು ಅದು. ಅವರ ಕಡೆ ಉತ್ತರಪತ್ರಿಕೆಗಳ ರಾಶಿ, ಒಂದು ಫ್ಲಾಸ್ಕು, ತುದಿ ಕಚ್ಚಿದ ಪೆನ್ಸಿಲುಗಳು. ನನ್ನ ಕಡೆ ಏನೂ ಇರಲಿಲ್ಲ. ಸೇರಿದ ದಿನ ನಾನು ಪುಸ್ತಕ ಜೋಡಿಸುತ್ತಿದ್ದರೆ ಮೇಡಂ ಕತ್ತೆತ್ತಿ, "ಆ ಡ್ರಾಯರ್ ಎಳೆಯುವಾಗ ಸ್ವಲ್ಪ ಎತ್ತಿ ಎಳಿಬೇಕಮ್ಮ. ಅವಳು ಒದ್ದು ಒದ್ದು ಹಾಳು ಮಾಡಿಟ್ಟಿದ್ದಾಳೆ" ಅಂದರು.

"ಯಾರು ಮೇಡಂ?"

"ಗುಂಡುಸೂಜಿ" ಅಂದರು. ಆಮೇಲೆ ಉತ್ತರಪತ್ರಿಕೆಗಳ ರಾಶಿಯನ್ನು ಹತ್ತಿರ ಎಳೆದುಕೊಂಡರು.

ಈ ಗುಂಡುಸೂಜಿ ಯಾರೆಂದು ನನಗೆ ತುಣುಕು ತುಣುಕಾಗಿ ಗೊತ್ತಾಯಿತು. ಸ್ವಲ್ಪ ಮೇಡಂ ಬಾಯಿಂದ, ಬಹಳಷ್ಟು ಅವರ ಚಿಕ್ಕಮ್ಮನ ಬಾಯಿಂದ. ಮೇಡಂ ಮದುವೆಯಾಗಲಿಲ್ಲ. ಲಿಫ್ಟಿಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿ, ಎರಡು ಕೋಣೆಯ ಮನೆಯಲ್ಲಿ, ಚಿಕ್ಕಮ್ಮನ ಜೊತೆ ಇದ್ದಾರೆ. ಈ ಚಿಕ್ಕಮ್ಮನೇ ಅವರನ್ನು ಸಾಕಿ ಓದಿಸಿದ್ದು. ಈಗ ಕಣ್ಣು ಮಂಜು, ಆದರೆ ಬಾಯಿ ಚುರುಕು. ನಾನು ಮೊದಲ ಸಲ ಹೋದಾಗ ಬಾಗಿಲಲ್ಲೇ ನನ್ನ ಕೈ ಹಿಡಿದು, "ಬಂದ್ಯಾ? ಎಷ್ಟು ವರ್ಷ ಆಯ್ತೇ ನಿನ್ನ ನೋಡಿ! ದಪ್ಪ ಆಗಿದ್ದೀಯಲ್ಲ!" ಅಂದುಬಿಟ್ಟರು. ನಾನು ಬೆಪ್ಪಾಗಿ ನಿಂತೆ. ಮೇಡಂ ಒಳಗಿನಿಂದ, "ಅವಳಲ್ಲ ಚಿಕ್ಕಮ್ಮ, ಇವಳು ಬೇರೆ" ಅಂದರು. ಚಿಕ್ಕಮ್ಮ ನನ್ನ ಕೈ ಬಿಟ್ಟರು. ಬಿಟ್ಟ ರೀತಿ ನೋಡಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಇಬ್ಬರೂ ಒಂದೇ ವರ್ಷ ಸ್ನಾತಕೋತ್ತರ ಓದಿದವರು, ಒಂದೇ ದಿನ ಟ್ಯೂಟರ್ ಆಗಿ ಸೇರಿದವರು. ಗೆಳತಿ ಸಣ್ಣಗೆ, ಚೂಪಾಗಿ, ಎಲ್ಲಿ ತಾಗಿದರೂ ಚುಚ್ಚುವಂತಿದ್ದಳಂತೆ. ಹಾಗಾಗಿ ಗುಂಡುಸೂಜಿ. ಕಾಲೇಜಿನ ಬಹು ಆಯ್ಕೆಯ ಪ್ರಶ್ನೆಗಳನ್ನೆಲ್ಲ ಈ ಮೇಜಿನ ಎರಡು ಬದಿ ಕೂತು ಇಬ್ಬರೂ ಸೇರಿ ತೆಗೆಯುತ್ತಿದ್ದರು. ಪ್ರಶ್ನೆಯೂ ಸರಿ ಉತ್ತರವೂ ಮೇಡಂ ಪಾಲು. ಉಳಿದ ಮೂರು ತಪ್ಪು ಆಯ್ಕೆಗಳು ಗುಂಡುಸೂಜಿಯ ಪಾಲು.

ಹೊರಗಿನವರಿಗೆ ಇದರಲ್ಲಿ ಏನು ದೊಡ್ಡಸ್ತಿಕೆ ಅನ್ನಿಸಬಹುದು. ಈ ಕೆಲಸ ಮಾಡಿದವರಿಗೆ ಗೊತ್ತು, ಸರಿ ಉತ್ತರ ಬರೆಯುವುದು ಸುಲಭ, ಪುಸ್ತಕದಲ್ಲೇ ಇದೆ. ತಪ್ಪು ಉತ್ತರ ಬರೆಯುವುದು ಕಷ್ಟ. ಓದದವನು ನಂಬಿಬಿಡಬೇಕು, ಓದಿದವನು ಒಂದು ಕ್ಷಣ ನಿಂತು ನೋಡಬೇಕು, ಆದರೆ ಯಾವ ಕಾರಣಕ್ಕೂ ಅದು ಸರಿಯಾಗಿರಬಾರದು. ಗುಂಡುಸೂಜಿಗೆ ಒಂದು ನೇಮವಿತ್ತು. ತಪ್ಪು ಆಯ್ಕೆಯನ್ನು ತಲೆಯಿಂದ ಹುಟ್ಟಿಸಬಾರದು. ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಎದುರು ಕೂತ ಯಾವುದೋ ಹುಡುಗ, ಯಾವುದೋ ಹುಡುಗಿ ನಿಜವಾಗಿ ಮಾಡಿದ ತಪ್ಪಾಗಿರಬೇಕು. ಪೈರುವೇಟ್ ಅಸಿಟೈಲ್ ಕೋಎ ಆಗುವಾಗ ಯಾವ ಕೋಎನ್ಜೈಮ್, ಅಂದರೆ ಕಿಣ್ವಕ್ಕೆ ನೆರವಾಗುವ ಯಾವ ವಿಟಮಿನ್ ರೂಪ, ಬೇಕು ಎಂದು ಕೇಳಿದರೆ ಒಬ್ಬ, "ಬಯೋಟಿನ್, ಯಾಕಂದ್ರೆ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಇದೆ" ಅಂದನಂತೆ. ಕಾರ್ಬನ್ ಡೈಆಕ್ಸೈಡ್ ಇರುವುದು ನಿಜ, ಆದರೆ ಅಲ್ಲಿ ಅದು ಹೊರಗೆ ಹೋಗುತ್ತದೆ. ಹೊರಗೆ ಹಾಕುವ ಆ ಕೆಲಸ ಥಯಾಮಿನ್‌ನಿಂದಾದ ಟಿಪಿಪಿಯದು. ಅದೇ ಪೈರುವೇಟ್‌ಗೆ ಕಾರ್ಬನ್ ಡೈಆಕ್ಸೈಡ್ ಸೇರಿಸಿ ಆಕ್ಸಲೋಅಸಿಟೇಟ್ ಮಾಡುವಾಗ ಬಯೋಟಿನ್ ಬೇಕು. ಅಣು ಒಂದೇ, ದಾರಿ ಎರಡು. ಆ ಹುಡುಗನ ತಪ್ಪು ಮರುವರ್ಷದ ಪರೀಕ್ಷೆಯಲ್ಲಿ ಒಂದು ಆಯ್ಕೆಯಾಗಿ ಕೂತಿತು, ಅದಕ್ಕೆ ಎಷ್ಟೋ ಜನ ಬಿದ್ದರು.

"ಅವಳ ಆಯ್ಕೆ ಓದಿದ್ರೆ ಹುಡುಗರ ಮುಖ ಕಾಣ್ತಿತ್ತು ಕಣೇ. ಈಗಿನೋರದ್ದು ಓದಿದ್ರೆ ಕಂಪ್ಯೂಟರ್ ಕಾಣತ್ತೆ" ಎಂದು ಮೇಡಂ ಒಮ್ಮೆ ಅಂದರು. ಎದುರು ಕೂತು ಆಯ್ಕೆ ಬರೆಯುತ್ತಿದ್ದವಳು ನಾನೇ. ಯಾರಿಗೆ ಅಂದರು ಎಂದು ಕೇಳುವ ಧೈರ್ಯವಾಗಲಿಲ್ಲ.

ಮೇಡಂ ಅವರದೇ ಒಂದು ತಪ್ಪಿನ ಕಥೆಯೂ ಇದೆ. ಸ್ನಾತಕೋತ್ತರ ಪರೀಕ್ಷೆಯ ವೈವಾ. ಹೊರಗಿನಿಂದ ಬಂದ ಪರೀಕ್ಷಕರು, ಮಿಥೈಲ್‌ಮೆಲೋನಿಲ್ ಕೋಎ ಸಕ್ಸಿನಿಲ್ ಕೋಎ ಆಗಲು ಯಾವ ಕೋಎನ್ಜೈಮ್ ಎಂದು ಕೇಳಿದರು. ಉತ್ತರ ಬಿ ಹನ್ನೆರಡು, ಅದರ ಅಡಿನೋಸಿಲ್ ರೂಪ. ಅಣುವಿನೊಳಗೇ ಒಂದು ಗುಂಪು ಪಕ್ಕದ ಕಾರ್ಬನ್ನಿಗೆ ಜಾಗ ಬದಲಿಸುತ್ತದೆ, ಹೊರಗಿನಿಂದ ಏನೂ ಬರುವುದಿಲ್ಲ. ಇದರ ಹಿಂದಿನ ಹೆಜ್ಜೆಯಲ್ಲಿ, ಪ್ರೊಪಿಯೋನಿಲ್ ಕೋಎಗೆ ಕಾರ್ಬನ್ ಡೈಆಕ್ಸೈಡ್ ಸೇರುವಲ್ಲಿ, ಬಯೋಟಿನ್ ಇದೆ. ಹೆದರಿದ ಮೇಡಂಗೆ ಎರಡೂ ಕಲಸಿಹೋಗಿ, "ಬಯೋಟಿನ್ ಸರ್. ಕಾರ್ಬಾಕ್ಸಿಲ್ ಗುಂಪನ್ನ ಒಂದು ಕಾರ್ಬನ್ನಿಂದ ಇಳಿಸಿ ಪಕ್ಕದ ಕಾರ್ಬನ್ನಿಗೆ ಹತ್ತಿಸೋಕೆ" ಅಂದುಬಿಟ್ಟರು. ಪರೀಕ್ಷಕರು ಕನ್ನಡಕ ತೆಗೆದು, "ಬಯೋಟಿನ್ ಏನಮ್ಮ, ಬಸ್ ಕಂಡಕ್ಟರಾ?" ಎಂದರು. ಬಾಗಿಲಾಚೆ ತನ್ನ ಸರದಿಗೆ ಕಾಯುತ್ತಿದ್ದ ಗುಂಡುಸೂಜಿ ಅಲ್ಲೇ ಗೋಡೆ ಹಿಡಿದು ನಕ್ಕಳು. ಆಮೇಲೆ ಬಸ್ ಹತ್ತಿದಾಗಲೆಲ್ಲ ಕಂಡಕ್ಟರ್ ಬಂದರೆ ಮೇಡಂ ಕಿವಿಯಲ್ಲಿ, "ಬಯೋಟಿನ್ ಬಂತು, ಟಿಕೆಟ್ ತಗೋ" ಅನ್ನುತ್ತಿದ್ದಳಂತೆ. ಇದನ್ನು ನನಗೆ ಹೇಳುವಾಗ ಮೇಡಂ ನಕ್ಕರು. 

ಇಷ್ಟು ಅನ್ಯೋನ್ಯವಾಗಿದ್ದವರು ಮುರಿದುಕೊಂಡಿದ್ದೂ ಒಂದು ಪ್ರಶ್ನೆಯ ದೆಸೆಯಿಂದಲೇ. ಗುಂಡುಸೂಜಿ ರಜೆಯಲ್ಲಿದ್ದಾಗ ಮೇಡಂ ಒಬ್ಬರೇ ತೆಗೆದ ಪತ್ರಿಕೆ ಅದು. ಬಯೋಟಿನ್ ಬೇಡದ ಕಿಣ್ವ ಯಾವುದು ಎಂಬ ಹೊರತುಪಡಿಸಿ ಪ್ರಶ್ನೆ. ಆಯ್ಕೆಗಳು ಪೈರುವೇಟ್ ಕಾರ್ಬಾಕ್ಸಿಲೇಸ್, ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸ್, ಕಾರ್ಬಮೋಯಿಲ್ ಫಾಸ್ಫೇಟ್ ಸಿಂಥೆಟೇಸ್, ಮ್ಯಾಲಿಕ್ ಎನ್ಜೈಮ್. ಮೊದಲೆರಡಕ್ಕೆ ಬಯೋಟಿನ್ ಬೇಕೇ ಬೇಕು. ಮೂರನೆಯದಕ್ಕೆ ಬೇಡ ಎಂಬುದೇ ಮೇಡಂ ಇಟ್ಟ ಉತ್ತರ. ಆದರೆ ನಾಲ್ಕನೆಯದಕ್ಕೂ ಬೇಡ! ಒಂದೇ ಪ್ರಶ್ನೆಗೆ ಎರಡು ಸರಿ ಉತ್ತರ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಪರೀಕ್ಷೆ ಮುಗಿದ ಸಂಜೆ ಪತ್ರಿಕೆ ನೋಡಿದ ಗುಂಡುಸೂಜಿ ಮೇಜಿಗೆ ಬಂದು ಗೆಳತಿಗೆ ಹೇಳಲಿಲ್ಲ. ನೆಟ್ಟಗೆ ಪ್ರಾಂಶುಪಾಲರ ಕೋಣೆಗೆ ಹೋಗಿ ಹೇಳಿದಳು. ಪ್ರಶ್ನೆ ರದ್ದಾಯಿತು, ಮೇಡಂಗೆ ಬರಬೇಕಿದ್ದ ಬಡ್ತಿಯೂ ಆ ವರ್ಷ ನಿಂತಿತು.

"ನನಗೆ ಮೊದಲು ಹೇಳಬಹುದಿತ್ತಲ್ಲ?" ಎಂದು ಮೇಡಂ ಕೇಳಿದರು.

"ಹೇಳಿದ್ರೆ ಸುಮ್ನಿರು ಅಂತಿದ್ದೆ ನೀನು. ನೀನು ಅಂದ್ರೆ ನಾನು ಸುಮ್ನಿರ್ತಿದ್ದೆ" ಎಂದಳಂತೆ ಅವಳು.

ಯೋಚಿಸಿ ನೋಡಿದರೆ ಇದಕ್ಕಿಂತ ಪ್ರೀತಿಯ ಮಾತು ಇನ್ನೊಂದಿಲ್ಲ. ಮೇಡಂ ಆಗ ಯೋಚಿಸಲಿಲ್ಲ. ಮಾತು ಬಿಟ್ಟರು. ಎದುರುಬದುರು ಕೂತು, ಒಂದೇ ಮೇಜಿನ ಮೇಲೆ, ಮಾತು ಬಿಟ್ಟರು. ಕೆಲವು ತಿಂಗಳು ಸಹಿಸಿಕೊಂಡ ಗುಂಡುಸೂಜಿ ಡ್ರಾಯರಿಗೆ ಒದ್ದು ಒದ್ದು ಸಿಟ್ಟು ತೀರಿಸಿಕೊಂಡಳು. ಕೊನೆಗೆ ಬೇರೆ ಊರಿನ ಕಾಲೇಜಿಗೆ ಹೋದಳು. ಅಲ್ಲಿಂದ ಇನ್ನೊಂದಕ್ಕೆ. ಮೇಡಂ ಸಿಟ್ಟು ಇಳಿದು ಹುಡುಕುವ ಮನಸ್ಸು ಬರುವಷ್ಟರಲ್ಲಿ ವಿಳಾಸ ಹೇಳುವವರೇ ಇರಲಿಲ್ಲ. ನನ್ನನ್ನು ಕೇಳಿದರೆ ಇಬ್ಬರಿಗೂ ಜಂಭ. ಇವರು ಕೇಳಬಾರದೆಂದು ಕೂತರು, ಅವಳು ಹೇಳಬಾರದೆಂದು ಕೂತಳು.

ಹೀಗಿರುವಾಗ ಪರೀಕ್ಷಾ ಮಂಡಳಿಯಿಂದ ನಮ್ಮಿಬ್ಬರಿಗೂ ಕರೆ ಬಂತು. ಒಬ್ಬಳೇ ಹೋಗಲು ನನಗೆ ಹೆದರಿಕೆಯೆಂದು ಮೇಡಂ ಜೊತೆಗೆ ಹೊರಟರು. ಎಲ್ಲ ಕಾಲೇಜುಗಳಿಗೂ ಸೇರಿ ನಡೆಯುವ ದೊಡ್ಡ ಪರೀಕ್ಷೆಗೆ ಪ್ರಶ್ನೆಗಳನ್ನು ಪರಿಶೀಲಿಸುವ ಕೆಲಸ. ಆ ಕೋಣೆಯೊಳಗೆ ಕಾಲಿಡುವುದು ಇಬ್ಬರಿಗೂ ಅದೇ ಮೊದಲು. ಫೋನು, ಗಡಿಯಾರ, ಕೈಚೀಲ ಎಲ್ಲ ಬಾಗಿಲಲ್ಲೇ ಇಸಿದುಕೊಂಡರು. ಕಿಟಕಿಗಳಿಗೆ ಬಣ್ಣ ಬಳಿದ ಗಾಜು. ಪ್ರಶ್ನೆ ಬರೆದವರು ಯಾರೆಂದು ನಮಗೆ ಗೊತ್ತಾಗುವಂತಿಲ್ಲ, ನೋಡಿದವರು ಯಾರೆಂದು ಅವರಿಗೆ ಗೊತ್ತಾಗುವಂತಿಲ್ಲ. ಪ್ರಶ್ನೆಗಳನ್ನು ಮಂಡಳಿಯ ಗುಮಾಸ್ತ ಪೆನ್ಸಿಲಿನಲ್ಲಿ ನಕಲು ಮಾಡಿರುತ್ತಾನೆ, ಪ್ರತಿ ಕಟ್ಟಿನ ಮೇಲೂ ಒಂದು ಸಂಖ್ಯೆ ಮಾತ್ರ. ತಪ್ಪು ಕಂಡರೆ ಪಕ್ಕದ ಖಾಲಿ ಜಾಗದಲ್ಲಿ ಟಿಪ್ಪಣಿ ಬರೆಯಬೇಕು. ಅದರ ನಕಲು ಬರೆದವರಿಗೆ ಹೋಗುತ್ತದೆ. ಒಂದು ಪ್ರಶ್ನೆಗೆ ಎರಡು ಸರಿ ಉತ್ತರ ಇಟ್ಟದ್ದು ಸಿಕ್ಕರೆ ಅದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಅಂಥವರ ಹೆಸರು ಮಂಡಳಿಯ ಪಟ್ಟಿಯಿಂದ ಹೋಗುತ್ತದೆ, ಮತ್ತೆ ಕರೆಯುವುದಿಲ್ಲ. ಇದನ್ನೆಲ್ಲ ಅಲ್ಲಿನ ಅಧಿಕಾರಿ ನಿದ್ದೆಗಣ್ಣಲ್ಲಿ ಓದಿ ಹೇಳಿ, ತನ್ನ ಕುರ್ಚಿಗೆ ಹೋಗಿ ಒರಗಿದ.

ಮಧ್ಯಾಹ್ನದವರೆಗೆ ನೀರಸ ಕೆಲಸ. ಎಲ್ಲ ಕಂಪ್ಯೂಟರ್ ಮುಖದ ಆಯ್ಕೆಗಳು. ಊಟವಾದ ಮೇಲೆ ಮೇಡಂ ಇನ್ನೊಂದು ಕಟ್ಟು ಬಿಚ್ಚಿದರು. ಸ್ವಲ್ಪ ಹೊತ್ತಿಗೆ ನನ್ನ ತೋಳು ಹಿಡಿದರು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ನಾನು ಮೈ ಹುಷಾರಿಲ್ಲವೇನೋ ಅಂದುಕೊಂಡೆ.

"ಓದು" ಅಂದರು.

ಮಿಥೈಲ್‌ಮೆಲೋನಿಲ್ ಕೋಎ ಸಕ್ಸಿನಿಲ್ ಕೋಎ ಆಗಲು ಯಾವ ಕೋಎನ್ಜೈಮ್ ಬೇಕು, ಯಾಕೆ? ಟಿಪಿಪಿ, ಕಾರ್ಬನ್ ಡೈಆಕ್ಸೈಡ್ ತೆಗೆಯಲು. ಪಿಎಲ್‌ಪಿ, ಅಮೈನೋ ಗುಂಪು ದಾಟಿಸಲು. ಅಡಿನೋಸಿಲ್ ಕೋಬಾಲಮಿನ್, ಅಣುವಿನೊಳಗೇ ಗುಂಪಿನ ಜಾಗ ಬದಲಿಸಲು. ಕೊನೆಯದು ಹೀಗಿತ್ತು: ಬಯೋಟಿನ್, ಕಾರ್ಬಾಕ್ಸಿಲ್ ಗುಂಪನ್ನು ಒಂದು ಕಾರ್ಬನ್ನಿನಿಂದ ಇಳಿಸಿ ಪಕ್ಕದ ಕಾರ್ಬನ್ನಿಗೆ ಹತ್ತಿಸಲು.

ನಾನು ಮೇಡಂ ಮುಖ ನೋಡಿದೆ. ಕೆನ್ನೆ ಕೆಂಪಾಗಿತ್ತು, ಕಣ್ಣು ತುಂಬಿತ್ತು. ಹುಡುಗಿಯ ಹಾಗೆ ಕಂಡರು.

"ಅವಳೇ ಕಣೇ! ಇದನ್ನ ಇನ್ಯಾರು ಬರೀತಾರೆ? ಆ ಬಾಗಿಲಾಚೆ ನಿಂತಿದ್ದೋಳು ಅವಳೊಬ್ಬಳೇ."

"ಮೆಲ್ಲಗೆ ಮೇಡಂ, ಆತ ಏಳ್ತಾನೆ."

"ಏಳಲಿ ಬಿಡು."

ಆ ಕಟ್ಟಿನ ಉಳಿದ ಪ್ರಶ್ನೆಗಳನ್ನು ಮೇಡಂ ಓದಿದ ರೀತಿಯನ್ನು ನಾನು ಮರೆಯಲಾರೆ. ಪ್ರತಿ ತಪ್ಪು ಆಯ್ಕೆಯನ್ನೂ ಬೆರಳಿಟ್ಟು ಓದುತ್ತಿದ್ದರು. ಹೋಮೋಸಿಸ್ಟೀನ್ ಮಿಥಿಯೋನಿನ್ ಆಗುವಲ್ಲಿ ಬಿ ಹನ್ನೆರಡಿನ ಮಿಥೈಲ್ ರೂಪ ಬೇಕೋ ಅಡಿನೋಸಿಲ್ ರೂಪ ಬೇಕೋ ಎಂದು ಯಾವ ಪೋರ ಗೊಂದಲ ಮಾಡಿಕೊಂಡಿದ್ದಾನು, ಟ್ರಾನ್ಸ್‌ಕೀಟೊಲೇಸಿಗೆ ನಯಾಸಿನ್ ಬೇಕೆಂದು ಯಾವಳು ಅಂದಿದ್ದಾಳು, ಎಂದು ಪಿಸುಗುಡುತ್ತಿದ್ದರು. "ನೋಡು, ಈ ದಾರಿಯಲ್ಲಿ ಎನ್‌ಎಡಿಪಿಎಚ್ ಹುಟ್ಟತ್ತೆ, ಅದು ಆಗೋದು ನಯಾಸಿನ್ನಿಂದ, ಅದಕ್ಕೇ ನಯಾಸಿನ್ ಅಂದಿದ್ದಾಳೆ ಪಾಪ. ಟ್ರಾನ್ಸ್‌ಕೀಟೊಲೇಸಿಗೆ ಟಿಪಿಪಿ ಅಂತ ಅವಳಿಗೆ ಹೊಳೀಲಿಲ್ಲ." ನೋಡದ ಊರಿನ, ನೋಡದ ಕಾಲೇಜಿನ ಹುಡುಗಿಯ ಮೇಲೆ ಮೇಡಂಗೆ ಅಕ್ಕರೆ ಉಕ್ಕುತ್ತಿತ್ತು. ಗೆಳತಿಯ ಎದುರು ಕೂತ ಹುಡುಗಿಯಲ್ಲವೇ.

ಆಮೇಲೆ ಪೆನ್ನು ತೆಗೆದು ಆ ಬಯೋಟಿನ್ ಆಯ್ಕೆಯ ಪಕ್ಕ ಬರೆದರು. 'ಈ ತಪ್ಪು ನನ್ನದು. ನೀನು ಎಲ್ಲಿದ್ದೀಯ? ನಾನು ಅದೇ ಮೇಜಿನಲ್ಲಿದ್ದೇನೆ.'

ನಾನು ಹಾಳೆಯ ಮೇಲೆ ಕೈಯಿಟ್ಟೆ. "ಮೇಡಂ, ಗೋಪ್ಯತೆ! ನಿಮ್ಮ ಕೆಲಸಕ್ಕೇ ಕುತ್ತು ಬರತ್ತೆ."

"ಆತ ಓದೋನಲ್ಲ, ಮುದ್ರೆ ಒತ್ತೋನು" ಅಂದರು. ಅದು ನಿಜವೇ ಆಗಿತ್ತು.

ಕಟ್ಟು ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಕೊನೆಯ ಹಾಳೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಸೆರೀನ್ ಗ್ಲೈಸಿನ್ ಆಗುವ ಕ್ರಿಯೆಗೆ ಯಾವ ಕೋಎನ್ಜೈಮ್ ಬೇಕು? ಆಯ್ಕೆಗಳು ಬಯೋಟಿನ್, ಟಿಪಿಪಿ, ಪಿಎಲ್‌ಪಿ, ಟೆಟ್ರಾಹೈಡ್ರೋಫೋಲೇಟ್. ಉತ್ತರ ಕೊನೆಯದು ಎಂದು ಗುರುತು ಹಾಕಿತ್ತು. ಫೋಲಿಕ್ ಆಸಿಡ್‌ನಿಂದಾದ ಟೆಟ್ರಾಹೈಡ್ರೋಫೋಲೇಟ್ ಸೆರೀನಿನ ಒಂದು ಕಾರ್ಬನ್ನನ್ನು ಎತ್ತಿಕೊಳ್ಳುತ್ತದೆ, ಸರಿ. ಆದರೆ ಆ ಕಿಣ್ವ ಕೆಲಸ ಮಾಡುವುದೇ ಬಿ ಆರರಿಂದಾದ ಪಿಎಲ್‌ಪಿಯನ್ನು ಮಡಿಲಲ್ಲಿ ಇಟ್ಟುಕೊಂಡು. ಎರಡೂ ಬೇಕು. ಎರಡೂ ಸರಿ.

ಮೇಡಂ ಅದನ್ನು ಮೂರ್ನಾಲ್ಕು ಸಲ ಓದಿದರು. ಮುಖದ ಬಣ್ಣ ಇಳಿಯಿತು.

"ಅವಳು ಈ ತಪ್ಪು ಮಾಡೋಳಲ್ಲ" ಅಂದರು.

"ವಯಸ್ಸಾಯ್ತಲ್ಲ ಮೇಡಂ. ಎಲ್ಲರಿಗೂ ಆಗತ್ತೆ."

"ಯಾರೋ ಹುಡುಗ ಪಿಎಲ್‌ಪಿ ಅಂದಿದ್ದಾನೆ. ಸರಿಯಾಗೇ ಅಂದಿದ್ದಾನೆ. ಇವಳು ಅದನ್ನ ತಪ್ಪು ಅಂತ ಹೊಡೆದು ಹಾಕಿ, ಇಲ್ಲಿ ತಂದು ಆಯ್ಕೆ ಮಾಡಿದ್ದಾಳೆ." ಕೆಂಪು ಶಾಯಿಯ ಪೆನ್ನು ಅವರೆದುರೇ ಇತ್ತು. ಮುಟ್ಟಲಿಲ್ಲ.

ನಾನು ಸಣ್ಣ ದನಿಯಲ್ಲಿ ಹೇಳಿದೆ. ಪಿಎಲ್‌ಪಿ ಅಳಿಸಿ ಅಲ್ಲಿ ರೈಬೋಫ್ಲೇವಿನ್‌ನ ಎಫ್‌ಎಡಿ ಬರೆದುಬಿಡೋಣ, ಪೆನ್ಸಿಲಿನ ತಿದ್ದುಪಡಿ ನಮಗೆ ಬಿಟ್ಟದ್ದು, ಯಾರಿಗೂ ಗೊತ್ತಾಗುವುದಿಲ್ಲ. ಗೆಳತಿ ಪಟ್ಟಿಯಲ್ಲೇ ಉಳಿಯುತ್ತಾಳೆ. ಟಿಪ್ಪಣಿಗೆ ಉತ್ತರ ಬಂದರೆ ಸರಿ, ಬಾರದಿದ್ದರೂ ಮುಂದಿನ ವರ್ಷ ಅವಳ ಕಟ್ಟು ಬರುತ್ತದೆ, ಅದರ ಮುಂದಿನ ವರ್ಷವೂ ಬರುತ್ತದೆ. ಅವಳು ಬದುಕಿದ್ದಾಳೆ, ಪಾಠ ಮಾಡುತ್ತಿದ್ದಾಳೆ, ನಗುತ್ತಿದ್ದಾಳೆ ಎಂದು ವರ್ಷಕ್ಕೊಮ್ಮೆಯಾದರೂ ಗೊತ್ತಾಗುತ್ತದೆ. ಕೆಂಪು ಶಾಯಿ ಬಿದ್ದರೆ ಆ ಎಳೆಯೂ ಕಡಿದುಹೋಯಿತು.

ಮೇಡಂ ರಬ್ಬರ್ ಕೈಗೆ ತೆಗೆದುಕೊಂಡರು. ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ಅವರಿಗೆ ಎಷ್ಟು ಆಸೆಯಿತ್ತೆಂದು ನನಗೆ ಕಾಣುತ್ತಿತ್ತು. ಅಳಿಸಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೆ. ಪ್ರಶ್ನೆಗಾಗಿ ಅಲ್ಲ, ಅವರಿಗಾಗಿ.

"ಮುಚ್ಚಿಹಾಕಿದೆ ಅಂತ ತಿಳಿದ್ರೆ ಅವಳು ನನ್ನ ಮುಖ ನೋಡಲ್ಲ ಕಣೇ" ಎಂದು ಕೊನೆಗೆ ಹೇಳಿದರು. "ಅವಳು ಅವತ್ತು ಮಾಡಿದ್ದು ಸರಿ ಅಂತ ನಾನು ಒಂದು ದಿನವೂ ಅವಳಿಗೆ ಹೇಳಲಿಲ್ಲ. ಹೀಗಾದ್ರೂ ಹೇಳ್ತೀನಿ." ರಬ್ಬರ್ ಕೆಳಗಿಟ್ಟು, ಕೆಂಪು ಪೆನ್ನು ತೆಗೆದು, ದುಂಡನೆ ಅಕ್ಷರದಲ್ಲಿ, ಪಿಎಲ್‌ಪಿ ಕೂಡ ಸರಿ, ಎರಡು ಉತ್ತರ, ಎಂದು ಬರೆದರು. ಅಧಿಕಾರಿ ಎದ್ದು ಬಂದು ಒಂದಕ್ಷರವನ್ನೂ ಓದದೆ ಮುದ್ರೆ ಒತ್ತಿದ.

ಅಂದಿನಿಂದ ಮೇಡಂ ಕಾಯತೊಡಗಿದರು. ಕಾಯುತ್ತಿಲ್ಲ ಎಂದು ತೋರಿಸಿಕೊಳ್ಳಲು ಪಟ್ಟ ಪಾಡು ನೋಡಬೇಕಿತ್ತು. ವಿಭಾಗದ ಫೋನ್ ರಿಂಗಾದರೆ ಕತ್ತೆತ್ತುತ್ತಿರಲಿಲ್ಲ, ಆದರೆ ಕೈಯಲ್ಲಿದ್ದ ಪೆನ್ಸಿಲ್ ನಿಲ್ಲುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಫ್ಲಾಸ್ಕಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಿದ್ದರು. ಬೆಳಿಗ್ಗೆ ಬರುವಾಗ ಇಸ್ತ್ರಿ ಮಾಡಿದ ಒಳ್ಳೆಯ ಸೀರೆಗಳು ಹೊರಬಂದವು. ಹುಡುಗರು, ಮೇಡಂಗೆ ಪ್ರಶಸ್ತಿ ಏನಾದರೂ ಬಂದಿದೆಯಾ ಎಂದು ನನ್ನನ್ನು ಕೇಳಿದರು. ಒಂದು ದಿನ ಪಾಠದ ಮಧ್ಯೆ ಮೇಡಂ, "ಪಾಂಟೊಥೆನಿಕ್ ಆಸಿಡ್ ಇಲ್ಲದೆ ಕೋಎ ಇಲ್ಲ, ಕೋಎ ಇಲ್ಲದೆ ಅಸಿಟೈಲ್ ಗುಂಪನ್ನ ಹೊತ್ತುಕೊಂಡು ಹೋಗೋರೇ ಇಲ್ಲ" ಎಂದು ಹೇಳಿ, ಬೋರ್ಡಿನ ಮೇಲೆ ಅದನ್ನೇ ಮತ್ತೆ ಮತ್ತೆ ಬರೆದರಂತೆ. ಮನೆಯಲ್ಲಿ ಚಿಕ್ಕಮ್ಮನಿಗೆ ಏನೂ ಹೇಳಿರಲಿಲ್ಲ. ಹೇಳಿದರೆ ಆ ಮುದುಕಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿತ್ತು.

ಪರೀಕ್ಷೆ ಕಳೆದು, ಫಲಿತಾಂಶ ಬಂದು, ಹೊಸ ಹುಡುಗರು ಸೇರಿದ ಮೇಲೆ ಒಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನನ್ನ ವಯಸ್ಸಿನವಳೇ, ಹೆಗಲಿಗೆ ಚೀಲ, ಪ್ರಯಾಣದ ದಣಿವು. ಕಣ್ಣು ಮೊದಲು ಮೇಜಿನ ಮೇಲೆ ಹೋಯಿತು, ಆಮೇಲೆ ನಮ್ಮ ಮೇಲೆ.

"ಆ ಕೆಂಪು ಶಾಯಿ ನಿಮ್ಮದೇನಾ ಮೇಡಂ?" ಎಂದು ಕೇಳಿದಳು. ಸಿಟ್ಟನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಂತಿತ್ತು.

ಮೇಡಂ ಎದ್ದು ನಿಂತರು. "ನೀವು ಯಾರು?"

"ಆ ಪ್ರಶ್ನೆ ಬರೆದೋಳು ನಾನು. ಮಂಡಳಿಯಿಂದ ನನ್ನ ಹೆಸರು ತೆಗೆದಾಯ್ತು. ಅದು ಬಿಡಿ, ತಪ್ಪು ನನ್ನದೇ. ನನ್ನ ಕ್ಲಾಸಿನ ಒಬ್ಬ ಹುಡುಗ ಪಿಎಲ್‌ಪಿ ಅಂದಾಗ ಎಲ್ಲರೆದುರು ಬೈದು ಕೂರಿಸಿದ್ದೆ. ಈಗ ಹೋಗಿ ಅವನ ಹತ್ರ ಕ್ಷಮೆ ಕೇಳಿದೆ." ಅವಳು ಉಸಿರು ತೆಗೆದುಕೊಂಡಳು. ಸಿಟ್ಟು ಅಷ್ಟಕ್ಕೇ ಖರ್ಚಾಗಿತ್ತು. "ನಾನು ಬಂದಿದ್ದು ಇನ್ನೊಂದು ಟಿಪ್ಪಣಿಗೆ. ನೀನು ಎಲ್ಲಿದ್ದೀಯ ಅಂತ ಬರೆದಿದ್ರಲ್ಲ, ಅದಕ್ಕೆ. ಅದು ನನಗೆ ಬರೆದದ್ದಲ್ಲ ಅಂತ ಗೊತ್ತಾಯ್ತು. ಮೇಜು ಅಂದಿದ್ರಿ. ಯಾವ ಕಾಲೇಜು ಅಂತ ನಮ್ಮ ಮೇಡಂ ಹೇಳಿದ್ರು ಯಾವಾಗಲೋ."

ನನಗೆ ಅಲ್ಲಿಗೇ ಅರ್ಥವಾಯಿತು. ಮೇಡಂಗೂ ಆಗಿರಬೇಕು, ಯಾಕೆಂದರೆ ಅವರು ಕೇಳಬೇಕಾದದ್ದನ್ನು ಕೇಳಲಿಲ್ಲ. "ಕೂತ್ಕೋಮ್ಮ. ನೀರು ಕುಡಿ" ಅಂದರು. ತಾವೇ ಲೋಟಕ್ಕೆ ನೀರು ಬಗ್ಗಿಸಿದರು. ಲೋಟ ತುಂಬಿದ ಮೇಲೂ ಬಗ್ಗಿಸುತ್ತಿದ್ದರು. ನಾನು ಕೈ ಹಿಡಿದು ನಿಲ್ಲಿಸಿದೆ.

ಆಕೆ ತಾನಾಗಿಯೇ ಹೇಳಿದಳು. ತನಗೆ ಪಾಠ ಹೇಳಿದ ಮೇಡಂ, ಆಮೇಲೆ ತನ್ನನ್ನು ತಮ್ಮದೇ ವಿಭಾಗಕ್ಕೆ ಸೇರಿಸಿಕೊಂಡ ಮೇಡಂ, ಹೋದ ವರ್ಷ ತೀರಿಕೊಂಡರು. ಎದೆನೋವು, ಆಸ್ಪತ್ರೆಗೆ ಹೋಗುವಷ್ಟು ಹೊತ್ತೂ ಇರಲಿಲ್ಲ. ಮಂಡಳಿಗೆ ಪ್ರಶ್ನೆ ಬರೆಯುವ ಅವರ ಜಾಗ ತನಗೆ ಬಂತು. ಮೇಡಂ ಇದ್ದಾಗಿನ ಪದ್ಧತಿಯನ್ನೇ ಇಟ್ಟುಕೊಂಡು ಬರೆದಳು. ನಿಜವಾದ ತಪ್ಪುಗಳು ಮಾತ್ರ, ತಲೆಯಿಂದ ಹುಟ್ಟಿಸಿದ್ದು ಯಾವುದೂ ಇಲ್ಲ.

"ಆ ಬಯೋಟಿನ್ ಆಯ್ಕೆ ಮಾತ್ರ ಅವರದ್ದೇ. ನಾನು ತೆಗೀಲಿಲ್ಲ" ಎಂದಳು. "ಅದನ್ನ ಯಾರೂ ಆರಿಸಲ್ಲ ಮೇಡಂ. ಮಂಡಳಿಯೋರು ಲೆಕ್ಕ ಕಳಿಸ್ತಾರಲ್ಲ, ಯಾವ ಆಯ್ಕೆಗೆ ಎಷ್ಟು ಜನ ಬಿದ್ರು ಅಂತ. ಅದಕ್ಕೆ ಒಬ್ಬರೂ ಬಿದ್ದಿಲ್ಲ. ಇಳಿಸಿ ಹತ್ತಿಸೋದು ಅಂತ ಓದಿದ ಕೂಡ್ಲೆ ನಗು ಬಂದುಬಿಡತ್ತೆ. ಸತ್ತ ಆಯ್ಕೆ, ತೆಗೆದುಬಿಡಿ ಮೇಡಂ ಅಂತ ನಾನೇ ಎಷ್ಟೋ ಸಲ ಹೇಳಿದ್ದೀನಿ. ಪರೀಕ್ಷೆಗೆ ಅದರಿಂದ ಉಪಯೋಗ ಇಲ್ಲ, ಒಂದು ಆಯ್ಕೆ ದಂಡ ಅಂತ. ಬೇರೆ ಯಾವುದಕ್ಕಾದ್ರೂ ಒಪ್ಕೋತಿದ್ರು, ಇದಕ್ಕೆ ಮಾತ್ರ ಇಲ್ಲ."

"ಯಾಕಂತೆ?" ನಾನೇ ಕೇಳಿದೆ. ಮೇಡಂ ಮೇಜಿನ ಮೇಲೆ ಚೆಲ್ಲಿದ ನೀರು ಒರೆಸುತ್ತಿದ್ದರು.

"ಇದು ಹುಡುಗರಿಗಲ್ಲ ಅಂತಿದ್ರು. ಇದನ್ನ ಮಾಡಿದೋಳು ಒಬ್ಬಳಿದ್ದಾಳೆ, ನನಗಿಂತ ಜಾಣೆ, ಇಷ್ಟು ಹೊತ್ತಿಗೆ ಹಿರಿಯಳಾಗಿರ್ತಾಳೆ. ಹಿರಿಯರನ್ನ ಮಂಡಳಿಯೋರು ಪ್ರಶ್ನೆ ನೋಡೋಕೆ ಕರೆದೇ ಕರೀತಾರೆ. ಪ್ರಶ್ನೆಪತ್ರಿಕೆಯನ್ನ ಹುಡುಗರಿಂದ ವಾಪಸ್ ಇಸ್ಕೋತಾರೆ, ಆ ಕೋಣೆ ಬಿಟ್ಟು ಬೇರೆಲ್ಲೂ ಮೇಷ್ಟ್ರುಗಳ ಕಣ್ಣಿಗೆ ಬೀಳಲ್ಲ. ಅವಳು ಆ ಕೋಣೆಗೆ ಬಂದ ದಿನ ಇದನ್ನ ನೋಡ್ತಾಳೆ, ನೋಡಿದ್ರೆ ಸಿಟ್ಟು ಬಿಟ್ಟು ನಗ್ತಾಳೆ. ನಕ್ಕಮೇಲೆ ಅವಳೇ ಹುಡುಕ್ಕೊಂಡು ಬರ್ತಾಳೆ ಅಂತಿದ್ರು. ಫಲಿತಾಂಶ ಬಂದಮೇಲೆ ಮಂಡಳಿಯ ಲಕೋಟೆ ಬಂದ್ರೆ ಮೊದಲು ಆ ಹಾಳೆಯನ್ನೇ ತಿರುಗಿಸಿ ನೋಡೋರು, ಪಕ್ಕದಲ್ಲಿ ಏನಾದ್ರೂ ಬರೆದಿದೆಯಾ ಅಂತ. ಏನೂ ಇರ್ತಿರಲಿಲ್ಲ. ಈ ವರ್ಷವೂ ಬಂದಿಲ್ಲ ಕಣೇ ಅನ್ನೋರು."

ಮೇಡಂ ಕೂತರು. ನನಗೆ ಆ ಇಬ್ಬರ ಮೇಲೂ ಎಂಥ ಸಿಟ್ಟು ಬಂತೆಂದರೆ, ಸತ್ತವಳನ್ನೂ ಬದುಕಿರುವವರನ್ನೂ ಎದುರು ನಿಲ್ಲಿಸಿ ಬೈಯಬೇಕು ಅನ್ನಿಸಿತು. ಒಂದು ಕಾಗದ ಹಾಕಲು ಏನಾಗಿತ್ತು? ಒಂದು ಫೋನು?

"ಪ್ರತಿ ವರ್ಷ ಇಡ್ತಿದ್ಲಾ?" ಎಂದು ಮೇಡಂ ಕೇಳಿದರು.

"ಪ್ರತಿ ವರ್ಷ ಮೇಡಂ. ಒಂದು ವರ್ಷವೂ ತಪ್ಪಿಸಿಲ್ಲ."

ಮೇಡಂ ನನ್ನ ಕಡೆ ತಿರುಗಿದರು. ಆ ಮುಖ ನನ್ನ ಕಣ್ಣಮುಂದಿನಿಂದ ಹೋಗುವುದಿಲ್ಲ.

"ಮಂಡಳಿಯೋರು ನನ್ನನ್ನೂ ಪ್ರತಿ ವರ್ಷ ಆ ಕೋಣೆಗೆ ಕರೀತಿದ್ರು ಕಣೇ" ಅಂದರು. "ಪುರುಸೊತ್ತಿಲ್ಲ ಅಂತ ಬರೆದು ಕಳಿಸ್ತಿದ್ದೆ."